ರೂಮು ಬದಲಿಸಿಕೊಡಿ ಎಂದಷ್ಟೇ ಬರೆಯಬೇಡಿ

ಶಿರಸಿಯ ಹುಡುಗನೊಬ್ಬ ಮೈಸೂರಿನಲ್ಲಿ ಎಂಜಿನಿಯರಿಂಗ್ ಸೇರಿದ್ದಾನೆ ಎಂದುಕೊಳ್ಳಿ. ಮೂರನೇ ವಾರ ಫೋನಿನಲ್ಲಿ, "ಅಮ್ಮಾ, ರಾತ್ರಿ ನಿದ್ದೆಯೇ ಇಲ್ಲ, ಸೀನಿಯರ್‌ಗಳ ಲ್ಯಾಬ್ ರೆಕಾರ್ಡ್ ಬರೀತಾ ಇದೀನಿ" ಎನ್ನುತ್ತಾನೆ. ವಾರ್ಡನ್‌ಗೆ ಫೋನು ಮಾಡಿದರೆ "ಮೊದಮೊದಲು ಹಾಗೇ, ಅಡ್ಜಸ್ಟ್ ಆಗ್ತಾನೆ ಬಿಡಿ" ಎಂಬ ಉತ್ತರ. ರೂಮು ಬದಲಿಸಿಕೊಡಿ ಎಂದು ತಾಯಿ ಅರ್ಜಿ ಕೊಡುತ್ತಾರೆ. ರೂಮು ಬದಲಾಗುತ್ತದೆ, ಕಡತ ಮುಚ್ಚುತ್ತದೆ. ರೆಕಾರ್ಡ್ ಬರೆಸಿದವರು ಮುಂದಿನ ಹುಡುಗನನ್ನು ಹುಡುಕಿಕೊಳ್ಳುತ್ತಾರೆ.

ತಪ್ಪಿದ್ದು ಅರ್ಜಿಯಲ್ಲಿ. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಾವಳಿಯ ಪ್ರಕಾರ ಹೊಡೆತ ಬಡಿತವಷ್ಟೇ ರ‍್ಯಾಗಿಂಗ್ ಅಲ್ಲ. ಬೇರೆಯವರ ಓದಿನ ಕೆಲಸವನ್ನು ಕಿರಿಯರಿಂದ ಮಾಡಿಸುವುದೂ, ಅವರಿಂದ ಬಲವಂತವಾಗಿ ಖರ್ಚು ಮಾಡಿಸುವುದೂ ರ‍್ಯಾಗಿಂಗೇ. ಕಾಲೇಜಿನ ಹೊರಗಿರುವ ಹಾಸ್ಟೆಲ್ಲಿನಲ್ಲಿ ನಡೆದರೂ ನಿಯಮ ಅನ್ವಯಿಸುತ್ತದೆ. ಹಾಗಾಗಿ ಪತ್ರದ ಮೊದಲ ಸಾಲಿನಲ್ಲೇ 'ಇದು ರ‍್ಯಾಗಿಂಗ್ ದೂರು' ಎಂದಿರಲಿ. ದಿನಾಂಕ, ಹೊತ್ತು, ಕೋಣೆ, ಏನು ಮಾಡಿಸಿದರು ಎಂಬುದು ಇರಲಿ. 'ಕಿರುಕುಳ ಕೊಡುತ್ತಾರೆ' ಎಂಬಂಥ ಮಾತು ಸಾಲದು. ಪ್ರಾಂಶುಪಾಲರ ಹೆಸರಿಗೆ ಬರೆದು ಸ್ವೀಕೃತಿ ಮುದ್ರೆ ಪಡೆಯಿರಿ. ಜೊತೆಗೆ 1800-180-5522ಕ್ಕೆ ಕರೆ ಮಾಡಿ. ಅದು ಹಗಲೂ ರಾತ್ರಿಯೂ ನಡೆಯುವ ರಾಷ್ಟ್ರೀಯ ಸಹಾಯವಾಣಿ. ಅಲ್ಲಿ ಹೇಳಿದ ದೂರನ್ನು ಕಾಲೇಜಿಗಷ್ಟೇ ಅಲ್ಲ, ಜಿಲ್ಲಾಡಳಿತ ಮತ್ತು ಪೊಲೀಸರಿಗೂ ತಲುಪಿಸಬೇಕೆಂದು ನಿಯಮಾವಳಿ ಹೇಳುತ್ತದೆ.

ರ‍್ಯಾಗಿಂಗ್ ತಡೆಗೆಂದು ಕಾಲೇಜಿನಲ್ಲಿರುವ ಸಮಿತಿಗೆ ಸಂಸ್ಥೆಯ ಮುಖ್ಯಸ್ಥರೇ ಅಧ್ಯಕ್ಷರು. ಪೊಲೀಸ್, ಆಡಳಿತ, ಪತ್ರಕರ್ತರು, ಪೋಷಕರು, ಹೊಸ ಮತ್ತು ಹಿರಿಯ ವಿದ್ಯಾರ್ಥಿಗಳ ಪ್ರತಿನಿಧಿಗಳೂ ಇರಬೇಕು. ಕಾಲೇಜಿನ ಸೂಚನಾ ಫಲಕದ ಮೇಲಿನ ಸಮಿತಿಯ ಪಟ್ಟಿಯಲ್ಲಿ ಬರೀ ಅಧ್ಯಾಪಕರಿದ್ದರೆ ಸಮಿತಿ ಕಾಗದದ ಮೇಲೆ ಮಾತ್ರ ಇದೆ ಎಂದು ಅನುಮಾನಿಸಬಹುದು. ನಡೆದದ್ದು ಕಾನೂನಿನ ಪ್ರಕಾರ ಅಪರಾಧ ಎಂದು ಕಂಡುಬಂದರೆ, ಮಾಹಿತಿ ಸಿಕ್ಕ 24 ಗಂಟೆಯೊಳಗೆ ಎಫ್‌ಐಆರ್ ದಾಖಲಿಸುವುದು ಮುಖ್ಯಸ್ಥರ ಹೊಣೆ.

ರೂಮಿನ ದೂರಿನದು ಬೇರೆ ದಾರಿ. ಊಟ, ನೀರು, ಹಂಚಿಕೆಯ ಅನ್ಯಾಯಗಳು ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಹೋಗುತ್ತವೆ. ಯುಜಿಸಿಯ 2023ರ ನಿಯಮದಂತೆ ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ವಾರ್ಡನ್ನಿನ ಬಾಯಿಮಾತು ನಂಬಿ ಕಾದರೆ ಈ ಗಡುವು ಕೈತಪ್ಪಬಹುದು. ಹಾಗಾಗಿ ಉತ್ತರವನ್ನು ಬರಹದಲ್ಲೇ ಕೇಳಿ.

ಇನ್ನು ರೂಮು ಹಂಚಿಕೆ. ಹೊಸಬರಿಗೆ ಸಾಧ್ಯವಾದಷ್ಟೂ ಬೇರೆ ಬ್ಲಾಕ್ ಕೊಡಬೇಕು ಎನ್ನುತ್ತದೆ 2009ರ ನಿಯಮಾವಳಿ. 'ಸಾಧ್ಯವಾದಷ್ಟೂ' ಎಂಬುದು ಕಾಲೇಜಿಗೆ ಜಾರಿಕೊಳ್ಳಲು ಸಾಕಷ್ಟು ಜಾಗ ಬಿಟ್ಟಿದೆ. ಶುಲ್ಕ ಕಟ್ಟುವ ಮೊದಲೇ "ಪ್ರಥಮ ವರ್ಷದವರಿಗೆ ಯಾವ ಬ್ಲಾಕು? ರಾತ್ರಿ ವಾರ್ಡನ್ ಎಲ್ಲಿರುತ್ತಾರೆ?" ಎಂದು ಕೇಳಿ. ಎರಡನೆಯ ಪ್ರಶ್ನೆಗೆ ತಡವರಿಸಿದರೆ, ಆ ಬ್ಲಾಕಿಗೆ ರಾತ್ರಿ ಹೊತ್ತಿನಲ್ಲೇ ಒಮ್ಮೆ ಹೋಗಿ ನೋಡಿ.