‘ನಮ್ಮ ಕಂಪನಿಯೇ ಯಾಕೆ?’ ಎಂದಾಗ

ಟೆಕ್ನಿಕಲ್ ಪ್ರಶ್ನೆಗಳೆಲ್ಲ ಮುಗಿದು, ಇನ್ನೇನು ಎದ್ದು ಹೋಗಬಹುದು ಅನ್ನುವಷ್ಟರಲ್ಲಿ ಎಚ್‌ಆರ್ ಕಡೆಯವರು ನಗುತ್ತಲೇ ಕೇಳುತ್ತಾರೆ: ‘ಎಲ್ಲಾ ಸರಿ, ನಮ್ಮ ಕಂಪನಿಗೇ ಯಾಕೆ ಬರಬೇಕು ಅಂತಿದ್ದೀರಿ?’ ಹತ್ತರಲ್ಲಿ ಎಂಟು ಮಂದಿಯ ಬಾಯಲ್ಲಿ ಬರುವುದು ಹೆಚ್ಚುಕಡಿಮೆ ಒಂದೇ ಉತ್ತರ. ನಿಮ್ಮದು ವೇಗವಾಗಿ ಬೆಳೆಯುತ್ತಿರುವ ಕಂಪನಿ, ಕಲಿಯಲು ಅವಕಾಶವಿದೆ, ಒಳ್ಳೆಯ ಹೆಸರಿದೆ. ಈ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನೇ ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಅದರ ಎದುರಾಳಿ ಕಂಪನಿಯಲ್ಲಿ ಒಂದಕ್ಷರ ಬದಲಿಸದೆ ಹೇಳಬಹುದು. ಕೇಳುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಹಾಗಾಗಿ ಉದ್ಯೋಗ ಸಲಹೆಗಾರರು ‘ಕಂಪನಿಯ ಇತ್ತೀಚಿನ ಸುದ್ದಿ ಓದಿಕೊಂಡು ಹೋಗಿ’ ಎನ್ನುತ್ತಾರೆ. ಸಲಹೆ ಒಳ್ಳೆಯದೇ. ಎಡವಟ್ಟಾಗುವುದು ಓದಿದ್ದನ್ನು ಬಳಸುವಾಗ. ‘ನೀವು ಹೋದ ತಿಂಗಳು ಹೊಸ ಸ್ಕೂಟರ್ ಬಿಟ್ಟಿರಿ, ತುಂಬಾ ಚೆನ್ನಾಗಿದೆ’ ಎಂದರೆ, ಆ ಸ್ಕೂಟರ್ ಮಾಡಿದವರಿಗೇ ಅದರ ಸುದ್ದಿ ಹೇಳಿದಂತಾಯಿತು. ಸುದ್ದಿಯ ಹಿಂದೆ ಕಂಪನಿ ತೆಗೆದುಕೊಂಡ ಒಂದು ತೀರ್ಮಾನ ಇರುತ್ತದೆ. ಆ ತೀರ್ಮಾನದಿಂದ ಯಾರ ಕೆಲಸವೋ ಬದಲಾಗುತ್ತದೆ. ಬದಲಾಗುವುದು ತಾನು ಕೇಳಿಕೊಂಡು ಬಂದಿರುವ ಕೆಲಸವೇ ಎಂದು ತೋರಿಸಬಲ್ಲವನಿಗೆ ಮಾತ್ರ ಆ ಸುದ್ದಿ ಉಪಯೋಗಕ್ಕೆ ಬರುತ್ತದೆ.

ಬೆಂಗಳೂರಿನ ಏಥರ್ ಎನರ್ಜಿಯನ್ನೇ ತೆಗೆದುಕೊಳ್ಳೋಣ. ಮದ್ರಾಸ್ ಐಐಟಿಯಲ್ಲಿ ಓದಿದ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ 2013ರಲ್ಲಿ ಕಟ್ಟಿದ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿ ಇದು. 2018ರಲ್ಲಿ ಮಾರಾಟಕ್ಕೆ ಬಂದ ಇದರ 450 ಸ್ಕೂಟರ್ ಚುರುಕು ಓಟ ಬಯಸುವ ಹುಡುಗರ ಗಾಡಿ. 2024ರ ಏಪ್ರಿಲ್‌ನಲ್ಲಿ ಕಂಪನಿ ದಾರಿ ಬದಲಿಸಿ ‘ರಿಜ್ಟಾ’ ಎಂಬ ಸಂಸಾರಸ್ಥರ ಸ್ಕೂಟರ್ ಹೊರತಂದಿತು. ಉದ್ದನೆಯ ಅಗಲ ಸೀಟು, ಅದರ ಕೆಳಗೆ 34 ಲೀಟರ್ ಜಾಗ. 2025ರ ಮೇ ತಿಂಗಳಲ್ಲಿ ಕಂಪನಿಯ ಷೇರು ಪೇಟೆಗೆ ಬಂತು. ಅದೇ ಆಗಸ್ಟ್‌ನಲ್ಲಿ, ಮುಂದಿನ ಅಗ್ಗದ ಸ್ಕೂಟರುಗಳಿಗೆ ಅಡಿಪಾಯವಾಗಲಿರುವ ‘ಇಎಲ್’ ಎಂಬ ವಿನ್ಯಾಸವನ್ನು ತೋರಿಸಿತು. ಇದರಲ್ಲಿ ಗಾಡಿ ಜೋಡಿಸುವುದು ಬೇಗ ಆಗುತ್ತದೆ, ಸರ್ವಿಸ್ ಅಂತರ 10,000 ಕಿಲೋಮೀಟರ್ ಎಂದು ಕಂಪನಿ ಹೇಳಿಕೊಂಡಿದೆ.

ಈಗ ಒಬ್ಬಳು ಅಭ್ಯರ್ಥಿಯನ್ನು ಕಲ್ಪಿಸಿಕೊಳ್ಳಿ. ಆಟೊಮೊಬೈಲ್ ಡಿಪ್ಲೊಮಾ ಆಗಿದೆ. ತುಮಕೂರಿನ ಪೆಟ್ರೋಲ್ ಸ್ಕೂಟರ್ ಡೀಲರೊಬ್ಬರಲ್ಲಿ ಎರಡು ವರ್ಷ ಸರ್ವಿಸ್ ಅಡ್ವೈಸರ್ ಆಗಿದ್ದಾಳೆ. ಏಥರ್‌ನ ಸರ್ವಿಸ್ ವಿಭಾಗಕ್ಕೆ ಅರ್ಜಿ ಹಾಕಿದ್ದಾಳೆ. ಅವಳ ಕೈಯಲ್ಲಿ ನಾಲ್ಕಾರು ಸುದ್ದಿಗಳಿವೆ. ಷೇರಿನ ಸುದ್ದಿ ಎಲ್ಲಕ್ಕಿಂತ ದೊಡ್ಡದು, ಆದರೆ ಅವಳ ಕೆಲಸಕ್ಕೆ ಅದು ದೂರ. ಅದನ್ನು ಹಿಡಿದು ಮಾತಾಡಿದರೆ ದುಡ್ಡು ಹಾಕಲು ಬಂದವಳ ಹಾಗೆ ಕೇಳಿಸುತ್ತದೆ. ಅವಳಿಗೆ ಬೇಕಾದದ್ದು ರಿಜ್ಟಾ, ಮತ್ತೆ ಆ 10,000 ಕಿಲೋಮೀಟರ್.

ಯಾಕೆ? ಮೊದಲ ಗಾಡಿ ಕೊಂಡ ಹುಡುಗ ಮೊಬೈಲ್ ಆ್ಯಪ್ ತೆಗೆದು ತಾನೇ ಎಲ್ಲ ನೋಡಿಕೊಳ್ಳುತ್ತಿದ್ದ. ರಿಜ್ಟಾ ಕೊಳ್ಳುವ ಮನೆಯಲ್ಲಿ ಅದನ್ನು ಅಪ್ಪ, ಅಮ್ಮ, ಮಗಳು ಮೂವರೂ ಓಡಿಸುತ್ತಾರೆ. ಮಕ್ಕಳು, ದಿನಸಿ ಚೀಲ ಎಲ್ಲವೂ ಅದರ ಮೇಲೇ. ಹೊರೆ ಹೆಚ್ಚಿದರೆ ಒಂದು ಚಾರ್ಜಿಗೆ ಓಡುವ ದೂರ ಕಡಿಮೆಯಾಗುತ್ತದೆ. ‘ಹೇಳಿದಷ್ಟು ಓಡ್ತಿಲ್ಲ’ ಎಂಬ ದೂರು ಬರುವುದು ಶೋರೂಮಿಗಲ್ಲ, ಸರ್ವಿಸ್ ಕೌಂಟರಿಗೆ. ಇತ್ತ ಸರ್ವಿಸ್ ಅಂತರ ಹೆಚ್ಚಾದಂತೆ ಗಾಡಿ ಕೇಂದ್ರಕ್ಕೆ ಬರುವುದೇ ಅಪರೂಪ. ಬಂದ ಒಂದು ಸಲದಲ್ಲೇ ಬ್ರೇಕ್ ಸವೆತ, ಟೈರು, ಸಣ್ಣಪುಟ್ಟ ಸದ್ದು ಎಲ್ಲ ಹಿಡಿಯಬೇಕು. ಡೀಲರಿನ ಸರ್ವಿಸ್ ಆದಾಯವೂ ಇಳಿಯುತ್ತದೆ. ಇದು ಪತ್ರಿಕೆಯ ವರದಿಯಲ್ಲಿ ಇರುವುದಿಲ್ಲ. ಕೌಂಟರಿನಲ್ಲಿ ನಿಂತವರಿಗೆ ಹೊಳೆಯುತ್ತದೆ.

ಅವಳ ಉತ್ತರ ಹೀಗಿರಬಹುದು: ‘ನೀವು ರಿಜ್ಟಾ ತಂದ ಮೇಲೆ ನಿಮ್ಮ ಗಿರಾಕಿ ಬದಲಾಗಿದ್ದಾರೆ ಸರ್. ನಾನು ಎರಡು ವರ್ಷ ಮಾತಾಡಿದ್ದು ಅಂಥ ಮನೆಯವರ ಹತ್ತಿರವೇ. ಮೈಲೇಜ್ ಬರ್ತಿಲ್ಲ ಅನ್ನೋ ದೂರಿಗೆ ನಾನು ಮೊದಲು ಟೈರ್ ಗಾಳಿ, ಆಮೇಲೆ ಹೊರೆ, ಓಡಿಸೋ ರೀತಿ ಕೇಳ್ತಿದ್ದೆ. ಎಷ್ಟೋ ಗಾಡಿ ಬಿಚ್ಚದೇನೇ ವಾಪಸ್ ಹೋಗೋವು. ಮುಂದೆ ಹತ್ತು ಸಾವಿರ ಕಿಲೋಮೀಟರಿಗೆ ಒಂದು ಸರ್ವಿಸ್ ಅಂದ್ರೆ ಆ ಒಂದು ಭೇಟೀಲಿ ತಪಾಸಣೆ ಪಕ್ಕಾ ಆಗ್ಬೇಕು. ಆ ಕೆಲಸ ನಿಮ್ಮಲ್ಲಿ ಹೇಗೆ ರೂಪುಗೊಳ್ತಿದೆ ಅಂತ ನೋಡೋ ಆಸೆ.’ ಇಂಗ್ಲಿಷಿನಲ್ಲಿ ಹೇಳಿದರೂ ಹೂರಣ ಇಷ್ಟೇ, ಒಂದು ನಿಮಿಷದ ಒಳಗೆ. ಇದನ್ನು ಬೇರೆ ಕಂಪನಿಗೆ ಒಯ್ಯಲು ಬರುವುದಿಲ್ಲ, ಬೇರೆ ಅಭ್ಯರ್ಥಿಯೂ ಹೇಳಲಾರ.

ಅದೇ ಕಂಪನಿಗೆ ಎಲೆಕ್ಟ್ರಾನಿಕ್ಸ್ ಓದಿದವನು ಹೋದರೆ ಸುದ್ದಿಯೇ ಬೇರೆ. ಏಥರ್ ರೂಪಿಸಿದ ಚಾರ್ಜಿಂಗ್ ಕನೆಕ್ಟರನ್ನು ಬೇರೆ ಕಂಪನಿಗಳೂ ಬಳಸಲೆಂದು ಮುಕ್ತವಾಗಿ ಬಿಡಲಾಯಿತು. 2023ರಲ್ಲಿ ಭಾರತೀಯ ಮಾನಕ ಬ್ಯೂರೊ ಅದನ್ನು ಹಗುರ ವಾಹನಗಳ ಮಾನದಂಡವಾಗಿ ಒಪ್ಪಿತು, ಹೀರೊ ಕಂಪನಿಯ ವಿದಾ ಸ್ಕೂಟರಿನಲ್ಲೂ ಅದೇ ಇದೆ. ಒಬ್ಬರ ಚಾರ್ಜರ್ ಮತ್ತೊಬ್ಬರ ಬ್ಯಾಟರಿಯೊಂದಿಗೆ ಮಾತಾಡಬೇಕು ಎಂದರೆ ಹುಟ್ಟುವ ತೊಡಕುಗಳು ಅವನ ಮಾತಿನ ವಸ್ತು.

ಇದೆಲ್ಲ ಎಲ್ಲಿ ಸಿಗುತ್ತದೆ? ಪತ್ರಿಕಾ ಪ್ರಕಟಣೆಯಲ್ಲಿ ಬರೀ ಹೊಗಳಿಕೆ. ಷೇರು ಪೇಟೆಗೆ ಬಂದ ಕಂಪನಿಯಾದರೆ ಅದರ ಪ್ರಾಸ್ಪೆಕ್ಟಸ್ ಎಲ್ಲರಿಗೂ ಲಭ್ಯ, ಅದರಲ್ಲಿ ಅಪಾಯಗಳನ್ನು ಪಟ್ಟಿ ಮಾಡುವ ಅಧ್ಯಾಯವಂತೂ ಚಿನ್ನ. ತನ್ನ ದೌರ್ಬಲ್ಯಗಳನ್ನು ಕಂಪನಿಯೇ ಬರೆದು ಕೊಡಬೇಕೆಂಬುದು ಕಾನೂನು. ಆ ಒಂದು ಅಧ್ಯಾಯ ಓದಿದರೆ ಸಾಕು, ಐನೂರು ಪುಟ ಬೇಕಿಲ್ಲ. ಆಮೇಲೆ ಶೋರೂಮಿಗೆ ಹೋಗಿ ಗಾಡಿ ಓಡಿಸಿ ನೋಡುವುದು. ‘ನಮ್ಮ ಗಾಡಿ ಓಡಿಸಿದ್ದೀರಾ?’ ಎಂಬುದು ಮುಂದಿನ ಪ್ರಶ್ನೆಯಾಗುವ ಸಾಧ್ಯತೆ ಬಹಳ. ಹಿಂದಿನ ರಾತ್ರಿ ಗೂಗಲ್ ಮಾಡಿದವರು ಸಿಕ್ಕಿಬೀಳುವುದು ಇಂಥ ಎರಡನೇ ಪ್ರಶ್ನೆಯಲ್ಲೇ.

ಕೆಟ್ಟ ಸುದ್ದಿ ಇದ್ದರೆ? ಏಥರ್‌ಗೆ 2023–24ರಲ್ಲಿ ಸಾವಿರ ಕೋಟಿ ರೂಪಾಯಿಗೂ ಮೀರಿದ ನಷ್ಟವಾಗಿತ್ತು, ಅದು ಗುಟ್ಟೇನಲ್ಲ. ಅದನ್ನು ತಾನಾಗಿ ಎತ್ತಿ ಬುದ್ಧಿ ಹೇಳುವುದು ಬೇಡ. ಅವರೇ ಎತ್ತಿದರೆ ಮಾತ್ರ ಗೊತ್ತಿಲ್ಲದವರಂತೆ ಕೂರಬಾರದು. ಗಾಡಿ ಒಂದೇ ಭೇಟಿಯಲ್ಲಿ ಸರಿಯಾದರೆ ವಾರಂಟಿ ಖರ್ಚು ಉಳಿಯುತ್ತದೆ ಎಂದು ತನ್ನ ಕೆಲಸದ ಮಟ್ಟಿಗೆ ಹೇಳಿದರೆ ಸಾಕು.

ಸುದ್ದಿಯೇ ಬಾರದ ಕಂಪನಿಗಳೂ ಉಂಟು. ಪೀಣ್ಯದ ನಲವತ್ತು ಜನರ ಬಿಡಿಭಾಗ ಕಾರ್ಖಾನೆಗೆ ಪ್ರಾಸ್ಪೆಕ್ಟಸ್ ಎಲ್ಲಿಂದ ಬರಬೇಕು? ಅಂಥಲ್ಲಿ ಅವರ ಉದ್ಯೋಗ ಜಾಹೀರಾತೇ ಸುದ್ದಿ. ಇಷ್ಟು ದಿನ ಟರ್ನರ್, ಫಿಟ್ಟರ್ ಮಾತ್ರ ಕರೆಯುತ್ತಿದ್ದವರು ಈಗ ಸೂಕ್ಷ್ಮ ಅಳತೆಯ ಸಿಎಂಎಂ ಯಂತ್ರ ಬಲ್ಲ ಇನ್‌ಸ್ಪೆಕ್ಟರ್ ಬೇಕು ಅಂದರೆ, ಮೈಕ್ರಾನ್ ಲೆಕ್ಕ ಕೇಳುವ ಹೊಸ ಗಿರಾಕಿ ಬಂದಿರಬಹುದು. ‘ಹೊಸದಾಗಿ ಏರೋಸ್ಪೇಸ್ ಕೆಲಸ ಹಿಡಿದಿದ್ದೀರಾ ಸರ್?’ ಎಂದು ಕೇಳಿದರೆ ಮಾಲೀಕರೇ ಎದ್ದು ಶಾಪ್ ಫ್ಲೋರಿಗೆ ಕರೆದುಕೊಂಡು ಹೋದರೂ ಹೋದಾರು.