ಹೂ ಮುಡಿಯಲು ಕೈ ಎತ್ತಿದಾಗ

ನನ್ನ ಬೊಟಿಕ್‌ನಲ್ಲಿ ಆರ್ಡರ್ ಕೊಟ್ಟವರಿಗೆಲ್ಲ ರಸೀದಿಯ ಜೊತೆ ಒಂದು ಚೀಟಿ ಕೊಡುತ್ತೇನೆ. ಅದರಲ್ಲಿರುವುದು ಮೂರೇ ಮಾತು: “ಪ್ರಿವ್ಯೂ ಚಿತ್ರದಲ್ಲಿ ನೀವು ನೋಡಿದ್ದು ಡಿಸೈನ್ ಮಾತ್ರ, ಫಿಟಿಂಗ್ ಅದರಲ್ಲಿ ಕಾಣುವುದಿಲ್ಲ. ಹೊಲಿದ ರವಿಕೆ ಚಿತ್ರದಷ್ಟು ನುಣ್ಣಗೆ ಮೈಗಂಟಿ ಕೂರುವುದಿಲ್ಲ, ಕೂರಲೂಬಾರದು. ಟ್ರಯಲ್‌ಗೆ ತಪ್ಪದೆ ಬನ್ನಿ.” ಓದಿದ ಕೆಲವರಿಗೆ ಇದು ಮುಂಚೆಯೇ ಹೇಳಿಟ್ಟ ನೆಪದ ಹಾಗೆ ಕಾಣುತ್ತದೆ. ಚೀಟಿಯಲ್ಲಿ ಬಿಡಿಸಿ ಹೇಳಲು ಜಾಗವಿಲ್ಲದ್ದನ್ನು ಇಲ್ಲಿ ಒಂದು ರವಿಕೆಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮಗಳ ಮದುವೆಗೆಂದು ರವಿಕೆ ಹೊಲಿಸಲು ಬಂದ ಒಬ್ಬ ತಾಯಿ ಫೋನ್ ತೆಗೆದು ಚಿತ್ರ ತೋರಿಸಿದರು. ಅವರದೇ ಫೋಟೊದ ಮೇಲೆ ಡಿಸೈನ್ ಕೂರಿಸಿದ ಪ್ರಿವ್ಯೂ ಅದು. ಮುಂದೆ ಬೋಟ್ ನೆಕ್, ಹಿಂದೆ ಆಳವಾದ ಕತ್ತು, ಮೊಣಕೈವರೆಗೆ ಬಿಗಿ ತೋಳು. ಎಲ್ಲೂ ಒಂದು ಸುಕ್ಕಿಲ್ಲ. ಬಟ್ಟೆ ಜರಿ ತುಂಬಿದ ಬನಾರಸ್ ಬ್ರೊಕೇಡ್. “ಹೀಗೇ ಬರಬೇಕು ಮೇಡಂ, ಒಂದು ಚೂರೂ ಲೂಸ್ ಬೇಡ” ಅಂದರು.

ಆ ಚಿತ್ರ ಆಗುವ ಬಗೆ ಹೀಗೆ. ಫೋಟೊದಲ್ಲಿರುವ ಮೈಯ ಅಂಚನ್ನು ಗುರುತಿಸಿ, ಅದರೊಳಗೆ ಬಟ್ಟೆಯ ಬಣ್ಣ, ಬುಟ್ಟಾ, ಅಂಚುಗಳನ್ನು ತುಂಬುತ್ತಾರೆ. ಗೋಡೆಗೆ ಬಣ್ಣ ಬಳಿದಂತೆ ಬಟ್ಟೆ ಮೈಗೆ ಅಂಟಿಕೊಳ್ಳುತ್ತದೆ. ಬಟ್ಟೆಗೆ ದಪ್ಪವಿದೆ, ಒಳಗೆ ಲೈನಿಂಗ್ ಇದೆ, ಹೊಲಿಗೆಯ ಕಡೆ ನಾಲ್ಕು ಪದರ ಸೇರುತ್ತವೆ ಎಂಬುದು ಚಿತ್ರದ ಲೆಕ್ಕಕ್ಕೆ ಬರುವುದಿಲ್ಲ. ಮೃದುವಾದ ಮೈಸೂರು ರೇಷ್ಮೆಗೂ ಬಿರುಸಾದ ಬ್ರೊಕೇಡಿಗೂ ಅಲ್ಲಿ ವ್ಯತ್ಯಾಸ ಬಣ್ಣದಲ್ಲಿ ಮಾತ್ರ. ನಿಜದಲ್ಲಿ ಮೈಸೂರು ರೇಷ್ಮೆ ಮೈಯ ಮೇಲೆ ಇಳಿಬೀಳುತ್ತದೆ, ಬ್ರೊಕೇಡ್ ತನ್ನ ಆಕಾರ ಬಿಡದೆ ನಿಲ್ಲುತ್ತದೆ. ಕ್ಯಾಟಲಾಗ್‌ನಲ್ಲಿ ನಿಜವಾದ ರೂಪದರ್ಶಿ ತೊಟ್ಟ ರವಿಕೆಯನ್ನೂ ಹಾಗೇ ನಂಬುವಂತಿಲ್ಲ. ಹೆಚ್ಚಾಗಿದ್ದ ಬಟ್ಟೆಯನ್ನು ಬೆನ್ನ ಹಿಂದೆ ಎಳೆದು ಕ್ಲಿಪ್ ಹಾಕಿ ಫೋಟೊ ತೆಗೆಯುವುದು ಈ ಕಸುಬಿನಲ್ಲಿ ಮಾಮೂಲು.

ಇನ್ನು ಅಳತೆಗೆ ಬರೋಣ. ಅವರ ಎದೆ ಸುತ್ತಳತೆ 38 ಇಂಚು. ರವಿಕೆಯನ್ನೂ 38ಕ್ಕೇ ಹೊಲಿದರೆ ಚಿತ್ರದಂತೆ ಕೂರಬಹುದು, ಆದರೆ ಉಸಿರು ಎಳೆದುಕೊಂಡ ಕೂಡಲೇ ಹುಕ್ಕುಗಳ ನಡುವೆ ಬಾಯಿ ಬಿಡುತ್ತದೆ. ಹಿಗ್ಗದ ಬಟ್ಟೆಯಾದ್ದರಿಂದ ನಾವು 39½ ಇಟ್ಟೆವು. ಆ ಒಂದೂವರೆ ಇಂಚು ಉಸಿರಾಟಕ್ಕೆ ಬಿಟ್ಟ ಜಾಗ. ತೋಳಿನ ವಿಷಯವನ್ನು ಟೇಪು ಹಿಡಿದೇ ತೋರಿಸಿದೆ. ಕೈ ಇಳಿಬಿಟ್ಟಾಗ ಮೊಣಕೈ ಹತ್ತಿರ 11 ಇಂಚು ಇದ್ದ ಸುತ್ತಳತೆ, ಕೈ ಮಡಿಸಿದಾಗ 12 ಆಯಿತು. ಚಿತ್ರದಲ್ಲಿದ್ದುದು ಇಳಿಬಿಟ್ಟ ಕೈ. ಮದುವೆಮನೆಯಲ್ಲಿ ಆರತಿ ತಟ್ಟೆ ಹಿಡಿಯುವುದು ಮಡಿಸಿದ ಕೈ. ತೋಳು 12ಕ್ಕೇ ನಿಂತಿತು.

ಕತ್ತಿನ ವಿಷಯ ಇನ್ನೂ ಸೂಕ್ಷ್ಮ. ಚಿತ್ರದಲ್ಲಿ ಭುಜದ ಮೇಲೆ ಉಳಿದ ಪಟ್ಟಿ ಒಂದೂವರೆ ಇಂಚಿನಷ್ಟೇ ಕಾಣುತ್ತಿತ್ತು. ಅವರ ಭುಜದಳತೆ 14½ ಇಂಚು. ಪಟ್ಟಿ ಅಷ್ಟೇ ಬೇಕೆಂದರೆ ಕತ್ತಿನ ಅಗಲ 11½ ಇಂಚು ಆಗುತ್ತದೆ. ಮುಂದೆ ಇಷ್ಟು ಅಗಲ, ಹಿಂದೆ ಅಷ್ಟು ಆಳ ಎರಡೂ ಸೇರಿದರೆ ಪಟ್ಟಿಯನ್ನು ಹಿಡಿದಿಡಲು ಬೆನ್ನ ಮೇಲೆ ಬಟ್ಟೆಯೇ ಇರುವುದಿಲ್ಲ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅದು ಭುಜದಿಂದ ಜಾರುತ್ತದೆ. ಚಿತ್ರದಲ್ಲಿ ಜಾರುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ನಡೆಯುವುದಿಲ್ಲ. ಕತ್ತಿನ ಅಗಲವನ್ನು 9½ಕ್ಕೆ ಇಳಿಸಿ ಪಟ್ಟಿಯನ್ನು ಎರಡೂವರೆ ಇಂಚು ಮಾಡಿದೆವು. ಬೆನ್ನಿನ ಆಳ ಅವರು ಕೇಳಿದಷ್ಟೇ ಉಳಿಯಿತು, ಆದರೆ ಮೇಲ್ಭಾಗದಲ್ಲಿ ಎರಡು ಪಟ್ಟಿಗಳನ್ನೂ ಎಳೆದು ಹಿಡಿಯಲು ಒಂದು ಡೋರಿ ಸೇರಿತು.

ಟ್ರಯಲ್ ದಿನ ಅವರು ಕನ್ನಡಿ ಮುಂದೆ ನಿಂತ ತಕ್ಷಣ ಮುಖ ಸಣ್ಣದಾಯಿತು. ಕಂಕುಳ ಬಳಿ ಎರಡು ಮಡಿಕೆ ಕಾಣುತ್ತಿದ್ದವು. “ಇದು ಚಿತ್ರದಲ್ಲಿ ಇರಲಿಲ್ಲ, ತೆಗೆದುಬಿಡಿ” ಅಂದರು. ನಾನು ವಾದ ಮಾಡದೆ ಮಡಿಕೆಯನ್ನು ಒಳಗೆ ಹಿಡಿದು ಗುಂಡುಪಿನ್ನು ಚುಚ್ಚಿದೆ. ಈಗ ರವಿಕೆ ಥೇಟ್ ಚಿತ್ರದ ಹಾಗೇ ಕಂಡಿತು. “ಒಂದು ಸಲ ಹೂ ಮುಡಿಯೋ ಹಾಗೆ ಕೈ ಎತ್ತಿ ಅಮ್ಮ” ಅಂದೆ. ಎತ್ತಿದರು. ತೋಳಿನ ಜೊತೆಗೇ ಇಡೀ ರವಿಕೆ ಮೇಲಕ್ಕೆ ಬಂತು, ಎದೆಯ ಕೆಳಗಿನ ಪಟ್ಟಿ ಎರಡು ಇಂಚು ಮೇಲೇರಿತು. ಪಿನ್ನು ತೆಗೆದು ಮತ್ತೆ ಎತ್ತಿಸಿದೆ. ಆ ಎರಡು ಮಡಿಕೆ ಬಿಚ್ಚಿಕೊಂಡು ಮಾಯವಾದವು, ಪಟ್ಟಿ ಇದ್ದಲ್ಲೇ ಇತ್ತು.

ಕೈ ಇಳಿಬಿಟ್ಟಾಗ ಕಂಕುಳಲ್ಲಿ ಕಾಣುವ ಮಡಿಕೆ, ಕೈ ಎತ್ತುವಾಗ ಬೇಕಾಗುವ ಬಟ್ಟೆ. ಅದನ್ನು ಕಳೆದರೆ ಕೈ ಎತ್ತುವ ದಾರಿಯನ್ನೇ ಕಳೆದಂತೆ. ಇದರ ಜೊತೆಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಕಂಕುಳಲ್ಲಿ ಹಿಡಿಯುತ್ತದೆ ಎಂದು ಅನೇಕರು ಅಲ್ಲಿ ಇನ್ನಷ್ಟು ಕೆಳಗೆ ಕತ್ತರಿಸಲು ಹೇಳುತ್ತಾರೆ. ಕಂಕುಳ ಸುತ್ತು ಕೆಳಗಿಳಿದಷ್ಟೂ ತೋಳು ಪಕ್ಕದ ಬಟ್ಟೆಯನ್ನು ಎಳೆದುಕೊಂಡೇ ಮೇಲೇಳಬೇಕಾಗುತ್ತದೆ. ಚುಚ್ಚದ ಮಟ್ಟಿಗೆ ಮೇಲೆಯೇ ಇರುವ ಕಂಕುಳ ಸುತ್ತೇ ಕೈಗೆ ಹೆಚ್ಚು ಸಲೀಸು.

ಹಾಗಂತ ಎಲ್ಲ ಸುಕ್ಕೂ ಸರಿ ಎಂದಲ್ಲ. ನೆಟ್ಟಗೆ ನಿಂತು ಸಹಜವಾಗಿ ಉಸಿರಾಡುತ್ತಿರುವಾಗ ಹುಕ್ಕಿನಿಂದ ಹುಕ್ಕಿಗೆ ಅಡ್ಡ ಗೆರೆಗಳು ಬಿದ್ದರೆ ಎದೆ ಸುತ್ತಳತೆ ಬಿಗಿ. ಎದೆಯ ತುದಿಯಿಂದ ಪಕ್ಕಕ್ಕೆ ಓರೆಯಾಗಿ ಎಳೆತ ಕಂಡರೆ ಟಕ್ಸ್ ಸಾಲದು, ಅಥವಾ ಅದು ತಪ್ಪು ಜಾಗದಲ್ಲಿದೆ. ಉದ್ದುದ್ದ ಮಡಿಕೆ ಸಡಿಲವಾಗಿ ಇಳಿಬಿದ್ದರೆ ಬಟ್ಟೆ ಹೆಚ್ಚಾಗಿದೆ. ಈ ಮೂರೂ ನಮ್ಮ ತಪ್ಪು. ಇಂಥವನ್ನು ತೋರಿಸಿ ಸರಿಮಾಡಿಸಿಕೊಳ್ಳುವುದು ಗಿರಾಕಿಯ ಹಕ್ಕು. ಕೈ ಎತ್ತಿದಾಗ ಮಾಯವಾಗುವ ಮಡಿಕೆಯನ್ನು ಮಾತ್ರ ಬಿಟ್ಟುಬಿಡಿ.

ಸರಿಮಾಡುವುದಕ್ಕೂ ಒಂದು ಎಲ್ಲೆಯಿದೆ. ಪಕ್ಕದ ಹೊಲಿಗೆಗಳ ಒಳಗೆ ನಾವು ಒಂದು ಇಂಚು ಮಾರ್ಜಿನ್ ಬಿಟ್ಟಿರುತ್ತೇವೆ. ಪ್ರತಿ ಅಂಚಿನಿಂದ ಅರ್ಧ ಇಂಚು ಬಿಚ್ಚಿದರೂ, ಎರಡು ಪಕ್ಕ, ಮುಂದೆ ಹಿಂದೆ ಸೇರಿ ಒಟ್ಟು ನಾಲ್ಕು ಅಂಚುಗಳಲ್ಲಿ ಎರಡು ಇಂಚು ಸಿಗುತ್ತದೆ. ಆದರೆ ಕತ್ತರಿಸಿ ತೆಗೆದ ಕತ್ತನ್ನು ಮತ್ತೆ ಕೂಡಿಸಲಾಗದು. ಅದಕ್ಕೇ ಚಿತ್ರದಲ್ಲಿ ಎಷ್ಟೇ ಆಳ ಕಂಡರೂ ಮೊದಲು ಅರ್ಧ ಇಂಚು ಮೇಲೆಯೇ ಕತ್ತರಿಸಿ, ಟ್ರಯಲ್‌ನಲ್ಲಿ ಮೈಮೇಲೆ ಗುರುತು ಹಾಕಿ ಇಳಿಸುತ್ತೇವೆ. ನೇರವಾಗಿ ಪಾರ್ಸೆಲ್ ತರಿಸಿಕೊಳ್ಳುವವರಿಗೆ ಈ ಅನುಕೂಲ ಇರುವುದಿಲ್ಲ. ಅಂಥವರು ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆ ಕಳಿಸುವುದು ಚಿತ್ರಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಅದೂ ಈಗಿನ ರವಿಕೆಯಂಥದೇ ಬಟ್ಟೆಯದಾಗಿರಲಿ. ಹಿಗ್ಗುವ ಬಟ್ಟೆಯ ಅಳತೆಗೆ ಬ್ರೊಕೇಡ್ ಹೊಲಿದರೆ ಬಿಗಿಯಾಗುತ್ತದೆ.

ಪ್ರಿವ್ಯೂ ಚಿತ್ರ ಬೇಡ ಎಂದು ನಾನು ಹೇಳುವುದಿಲ್ಲ. ಕತ್ತು ದುಂಡಗಿರಲೋ ಚೌಕವಿರಲೋ, ಅಂಚು ತೋಳಿಗೆ ಬರಲೋ ಬೆನ್ನಿಗೋ ಎಂಬುದನ್ನು ಮಾತಿಗಿಂತ ಅದು ಚೆನ್ನಾಗಿ ಹೇಳುತ್ತದೆ. ಆರ್ಡರ್ ಕೊಡುವಾಗ ತಪ್ಪದೆ ತನ್ನಿ. ಟ್ರಯಲ್ ದಿನ ಮಾತ್ರ ಫೋನನ್ನು ಚೀಲದಲ್ಲಿಟ್ಟು, ಕೈ ಎತ್ತಿ ನೋಡಿ, ಕುಳಿತು ನೋಡಿ, ಹಿರಿಯರ ಕಾಲಿಗೆ ನಮಸ್ಕರಿಸುವ ಹಾಗೆ ಬಾಗಿ ನೋಡಿ. ಆ ತಾಯಿ ಅಂದು ಮೂರನ್ನೂ ಮಾಡಿದರು. ಕೊನೆಗೆ ಕನ್ನಡಿಯಲ್ಲಿ ಕಂಕುಳ ಮಡಿಕೆಯನ್ನು ಬೆರಳಲ್ಲಿ ಮುಟ್ಟಿ, “ಇದು ಇರಲಿ” ಅಂದರು.