ಜರುಗಿದ ನಡುಪಟ್ಟೆಯನ್ನು ಗುರುತಿಸುವುದು ಹೇಗೆ?

ಒಂದು ಲೋಹದ ತಗಡಿನಲ್ಲಿ ಅರ್ಧ ಮಿಲಿಮೀಟರ್ ಅಂತರದಲ್ಲಿ ಕೂದಲಿನಷ್ಟು ಸಪೂರವಾದ ಎರಡು ಸೀಳುಗಳಿವೆ. ಸೋಡಿಯಂ ದೀಪದ ಹಳದಿ ಬೆಳಕು ಮೊದಲು ಒಂಟಿ ಸೀಳೊಂದನ್ನು ದಾಟಿ, ಆಮೇಲೆ ಈ ಜೋಡಿ ಸೀಳುಗಳ ಮೂಲಕ ಹಾದು, ಒಂದು ಮೀಟರ್ ದೂರದ ಪರದೆಯ ಮೇಲೆ ಬೀಳುತ್ತದೆ. ಅಲ್ಲಿ ಹಳದಿ ಗೆರೆ, ಕಪ್ಪು ಗೆರೆ, ಮತ್ತೆ ಹಳದಿ ಗೆರೆ ಹೀಗೆ ಒಂದೇ ಅಗಲದ ಪಟ್ಟೆಗಳು ಸಾಲಾಗಿ ಮೂಡುತ್ತವೆ. ಪದವಿಪೂರ್ವ ತರಗತಿಯ ಭೌತಶಾಸ್ತ್ರ ಓದಿದವರಿಗೆಲ್ಲ ಇದು ಯಂಗ್‌ನ ಜೋಡಿ ಸೀಳುಗಂಡಿ ಪ್ರಯೋಗವೆಂದು ಗೊತ್ತು. ಈಗ ಅಭ್ರಕದ, ಅಂದರೆ ಕಾಗೆಬಂಗಾರದ, ತೀರ ತೆಳುವಾದ ಪೊರೆಯೊಂದನ್ನು ಸುಲಿದು ಎಡಗಡೆಯ ಸೀಳಿಗೆ ಮಾತ್ರ ಮುಚ್ಚೋಣ. ಪೊರೆಯ ದಪ್ಪ 4 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ 250ನೇ ಒಂದು ಪಾಲು ಎಂದಿಟ್ಟುಕೊಳ್ಳಿ.

ಪರದೆಯ ಕಡೆ ನೋಡಿದರೆ ಏನೂ ಆದಂತೆ ಕಾಣುವುದಿಲ್ಲ. ಪಟ್ಟೆಗಳ ಅಗಲ ಮೊದಲಿನಷ್ಟೇ ಇದೆ, ಹಳದಿ ಗೆರೆಗಳಿದ್ದ ಜಾಗದಲ್ಲಿ ಹಳದಿ ಗೆರೆಗಳೇ ಇವೆ. ಆದರೂ ಇಡೀ ಸಾಲು ಸುಮಾರು 4.7 ಮಿಲಿಮೀಟರ್ ಎಡಕ್ಕೆ ಜರುಗಿದೆ. ಇಷ್ಟು ದೊಡ್ಡ ಜರುಗುವಿಕೆ ಕಣ್ಣಿಗೆ ಬೀಳದೇ ಹೋದದ್ದು ಯಾಕೆ ಎಂಬುದರಲ್ಲೇ ಈ ಪ್ರಯೋಗದ ತಿರುಳಿದೆ. ನಮ್ಮ ಪರೀಕ್ಷೆಯ ಪ್ರಶ್ನೆಗಳು ಈ ಭಾಗವನ್ನು ಮುಟ್ಟದೆ ನೇರವಾಗಿ ಸೂತ್ರಕ್ಕೆ ಹೋಗಿಬಿಡುತ್ತವೆ.

ಮೊದಲು ಸಾಲು ಜರುಗುವುದೇಕೆ ಎಂದು ನೋಡೋಣ. ಎರಡೂ ಸೀಳುಗಳಿಂದ ಹೊರಟ ಬೆಳಕಿನ ಅಲೆಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ಬಂದ ಜಾಗದಲ್ಲಿ ಬೆಳಕು, ಒಂದರ ಏರಿಗೆ ಇನ್ನೊಂದರ ಇಳಿ ಎದುರಾದ ಜಾಗದಲ್ಲಿ ಕತ್ತಲೆ. ನಡುಪಟ್ಟೆಗೆ ಒಂದು ವಿಶೇಷವಿದೆ: ಎರಡು ಅಲೆಗಳೂ ಅಲ್ಲಿಗೆ ಒಂದೇ ಕಾಲ ತೆಗೆದುಕೊಂಡು ಬರುತ್ತವೆ. ಪೊರೆ ಇಲ್ಲದಿದ್ದಾಗ ಆ ಜಾಗ ಎರಡು ಸೀಳುಗಳಿಗೂ ಸಮದೂರದಲ್ಲಿ, ಸರಿಯಾಗಿ ಮಧ್ಯದಲ್ಲಿರುತ್ತದೆ. ಅಭ್ರಕದ ವಕ್ರೀಭವನ ಸೂಚ್ಯಂಕ ಸುಮಾರು 1.59. ಅದರೊಳಗೆ ಬೆಳಕಿನ ಅಲೆ ಗಾಳಿಯಲ್ಲಿ ಸಾಗುವುದಕ್ಕಿಂತ ಅಷ್ಟು ಪಟ್ಟು ನಿಧಾನವಾಗಿ ಸಾಗುತ್ತದೆ. ಒಂದೇ ಊರಿಗೆ ಹೊರಟ ಇಬ್ಬರಲ್ಲಿ ಒಬ್ಬನಿಗೆ ನಡುವೆ ಕೆಸರುಗದ್ದೆ ಸಿಕ್ಕಿದರೆ ಇಬ್ಬರೂ ಒಟ್ಟಿಗೆ ಸೇರುವ ಜಾಗ ಅವನ ಕಡೆಗೇ ಸರಿಯಬೇಕಾಗುತ್ತದೆ. ಇಲ್ಲಿಯೂ ಹಾಗೆಯೇ. ಎಡಸೀಳಿನ ಅಲೆ ಪೊರೆಯಲ್ಲಿ ತಡವಾಯಿತು, ಆ ತಡವನ್ನು ತುಂಬಿಕೊಳ್ಳಲು ಅದಕ್ಕೆ ಗಾಳಿಯಲ್ಲಿ ಹತ್ತಿರದ ದಾರಿ ಬೇಕು. ಹಾಗಾಗಿ ನಡುಪಟ್ಟೆ ಪೊರೆ ಮುಚ್ಚಿದ ಸೀಳಿನ ಕಡೆಗೆ ಸರಿಯುತ್ತದೆ.

ಲೆಕ್ಕ ಚಿಕ್ಕದು. 4 ಮೈಕ್ರೋಮೀಟರ್ ಪೊರೆಯನ್ನು ದಾಟುವಷ್ಟು ಹೊತ್ತಿನಲ್ಲಿ ಬೆಳಕು ಗಾಳಿಯಲ್ಲಿ 4 × 1.59, ಅಂದರೆ 6.36 ಮೈಕ್ರೋಮೀಟರ್ ಸಾಗಿರುತ್ತಿತ್ತು. ಆದ್ದರಿಂದ ಎಡದ ಅಲೆ 2.36 ಮೈಕ್ರೋಮೀಟರಿನಷ್ಟು ಹಿಂದೆ ಬಿದ್ದಿದೆ. ಸೂಚ್ಯಂಕವನ್ನು μ ಎಂದೂ ದಪ್ಪವನ್ನು t ಎಂದೂ ಕರೆದರೆ ಈ ಹಿಂದುಳಿಕೆ (μ−1)t. ಒಂದನ್ನು ಕಳೆಯುವುದು ಯಾಕೆಂದರೆ, ಪೊರೆ ಬಂದು ಕುಳಿತಾಗ ಅಷ್ಟೇ ದಪ್ಪದ ಗಾಳಿಯನ್ನು ಅದು ಹೊರಗೆ ತಳ್ಳಿರುತ್ತದೆ. ಪರದೆಯ ದೂರವನ್ನು ಸೀಳುಗಳ ಅಂತರದಿಂದ ಭಾಗಿಸಿದರೆ 2000 ಬರುತ್ತದೆ. 2.36 ಮೈಕ್ರೋಮೀಟರನ್ನು 2000ದಿಂದ ಗುಣಿಸಿದರೆ 4.72 ಮಿಲಿಮೀಟರ್, ಇದೇ ನಡುಪಟ್ಟೆ ಜರುಗಿದ ದೂರ. ಕಾಲದ ಲೆಕ್ಕದಲ್ಲಿ ಪೊರೆ ಮಾಡಿದ ತಡ ಸುಮಾರು 8 ಫೆಮ್ಟೊಸೆಕೆಂಡು. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಎಂಟು ಪಾಲು. ಅಂಥ ತಡ ಸಾಮಾನ್ಯ ಅಳತೆಪಟ್ಟಿಯಲ್ಲಿ ಓದಬಹುದಾದ ದೂರವಾಗಿ ಪರದೆಯ ಮೇಲೆ ಬಂದು ನಿಲ್ಲುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಹಾಗಿದ್ದರೆ ಸೋಡಿಯಂ ದೀಪದಲ್ಲಿ ಏನೂ ಕಾಣಲಿಲ್ಲವೇಕೆ? ಆ ಹಳದಿ ಬೆಳಕಿನ ತರಂಗದೂರ 0.589 ಮೈಕ್ರೋಮೀಟರ್. ಅದನ್ನು 2000ದಿಂದ ಗುಣಿಸಿದರೆ ಪಟ್ಟೆಯಿಂದ ಪಟ್ಟೆಗೆ ಇರುವ ಅಂತರ ಸುಮಾರು 1.18 ಮಿಲಿಮೀಟರ್ ಎಂದು ಬರುತ್ತದೆ. 4.72 ಎಂದರೆ ಅದರ ನಾಲ್ಕು ಪಟ್ಟು. ನಡುಪಟ್ಟೆ ಎಡಗಡೆಯ ನಾಲ್ಕನೇ ಪಟ್ಟೆಯ ಜಾಗಕ್ಕೆ ಹೋಗಿ ಕುಳಿತಿದೆ, ಅದರ ಹಳೆಯ ಜಾಗಕ್ಕೆ ಬಲಗಡೆಯ ನಾಲ್ಕನೆಯದು ಬಂದಿದೆ. ಒಂದೇ ಬಣ್ಣದ ಬೆಳಕಿನಲ್ಲಿ ಎಲ್ಲ ಪಟ್ಟೆಗಳ ಮುಖವೂ ಒಂದೇ, ಯಾವುದು ನಡುವಿನದು ಎಂದು ಹೇಳುವ ಗುರುತು ಯಾವುದಕ್ಕೂ ಇಲ್ಲ. ಪೊರೆಯ ದಪ್ಪ ಹೀಗೆ ಅಚ್ಚುಕಟ್ಟಾಗಿ ಕೂಡಿಬರದೆ 4.3 ಪಟ್ಟೆಯಷ್ಟು ಜರುಗಿದ್ದರೆ, ನೋಡುವವನಿಗೆ ಕೊನೆಯ 0.3 ಮಾತ್ರ ಕಾಣುತ್ತಿತ್ತು. ಹಿಂದಿನ ನಾಲ್ಕು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಪೊರೆಯನ್ನು ಇಟ್ಟ ಮೇಲೆ ಮೆಲ್ಲನೆ ಓರೆಮಾಡುತ್ತ ಹೋದರೆ ಪಟ್ಟೆಗಳು ತೆವಳುವುದು ಕಾಣುತ್ತದೆ. 30 ಡಿಗ್ರಿ ಓರೆಯಾಗುವ ಹೊತ್ತಿಗೆ 4 ಪಟ್ಟೆಯ ಜರುಗುವಿಕೆ ಸುಮಾರು 4.4 ಆಗುತ್ತದೆ. ಇದರಿಂದ ಯಾವ ಕಡೆಗೆ ಜರುಗುತ್ತಿದೆ ಎಂಬುದು ತಿಳಿಯುತ್ತದೆ. ಎಷ್ಟು ಜರುಗಿತ್ತು ಎಂಬುದು ಮಾತ್ರ ನೋಟಕ್ಕೆ ನೇರವಾಗಿ ಸಿಗುವುದಿಲ್ಲ.

ಉಪಾಯ ಸರಳವಾಗಿದೆ: ಸೋಡಿಯಂ ದೀಪ ತೆಗೆದು ಬಿಳಿ ಬೆಳಕಿನ ಬಲ್ಬ್ ಇಡಿ. ಈಗ ಪ್ರತಿ ಬಣ್ಣವೂ ತನ್ನದೇ ಅಗಲದ ಪಟ್ಟೆಗಳನ್ನು ಮೂಡಿಸುತ್ತದೆ, ಕೆಂಪಿನ ಪಟ್ಟೆ ಅಗಲ, ನೀಲಿಯದು ಕಿರಿದು. ಎಲ್ಲ ಬಣ್ಣಗಳೂ ಒಟ್ಟಿಗೆ ಬೆಳಗುವುದು ನಡುಪಟ್ಟೆಯಲ್ಲಿ ಮಾತ್ರ, ಆದ್ದರಿಂದ ಅದು ಬೆಳ್ಳಗೆ ಕಾಣುತ್ತದೆ. ಅದರ ಎರಡೂ ಮಗ್ಗುಲಿಗೆ ಕೆಲವು ಬಣ್ಣದ ಪಟ್ಟೆಗಳು, ಆಚೆಗೆ ಎಲ್ಲ ಕಲಸಿಹೋದ ಮಂಕು ಬೆಳಕು. ಸೂತ್ರವನ್ನು ಇನ್ನೊಮ್ಮೆ ನೋಡಿದರೆ, ನಡುಪಟ್ಟೆ ಜರುಗುವ ದೂರದಲ್ಲಿ ತರಂಗದೂರದ ಮಾತೇ ಇಲ್ಲ. ಎಲ್ಲ ಬಣ್ಣದ ನಡುಪಟ್ಟೆಗಳೂ ಹೆಚ್ಚುಕಡಿಮೆ ಅದೇ 4.7 ಮಿಲಿಮೀಟರ್ ಸರಿದು ಹೊಸ ಜಾಗದಲ್ಲಿ ಮತ್ತೆ ಒಂದಾಗುತ್ತವೆ. ಮೊದಲು ಬಿಳಿ ಬೆಳಕಿನಲ್ಲಿ ಪೊರೆಯಿಲ್ಲದೆ ಬಿಳಿ ಪಟ್ಟೆಯ ಜಾಗ ಗುರುತು ಹಾಕಿಕೊಂಡು, ಪೊರೆ ಇಟ್ಟು ಹೊಸ ಜಾಗ ಗುರುತು ಹಾಕಿ, ಆಮೇಲೆ ಸೋಡಿಯಂ ದೀಪ ಹಚ್ಚಿ ಎರಡು ಗುರುತುಗಳ ನಡುವಿನ ಹಳದಿ ಪಟ್ಟೆಗಳನ್ನು ಎಣಿಸಿದರೆ ಕೆಲಸ ಮುಗಿಯಿತು. ಆ ಎಣಿಕೆಯನ್ನು ತರಂಗದೂರದಿಂದ ಗುಣಿಸಿ (μ−1)ರಿಂದ ಭಾಗಿಸಿದರೆ ಪೊರೆಯ ದಪ್ಪ ಸಿಗುತ್ತದೆ. ದಪ್ಪ ಮೊದಲೇ ಗೊತ್ತಿದ್ದರೆ ಇದೇ ಎಣಿಕೆಯಿಂದ ಸೂಚ್ಯಂಕವನ್ನು ಪಡೆಯಬಹುದು.

‘ಹೆಚ್ಚುಕಡಿಮೆ’ ಎಂದು ಬರೆದದ್ದಕ್ಕೆ ಕಾರಣವಿದೆ. ಗಾಜಾಗಲಿ ಅಭ್ರಕವಾಗಲಿ ಎಲ್ಲ ಬಣ್ಣವನ್ನೂ ಒಂದೇ ಸಮ ತಡೆಯುವುದಿಲ್ಲ. ನೀಲಿಗೆ ಸೂಚ್ಯಂಕ ಹೆಚ್ಚು, ಕೆಂಪಿಗೆ ಕಡಿಮೆ. ಹಾಗಾಗಿ ನೀಲಿಯ ನಡುಪಟ್ಟೆ ಕೆಂಪಿನದಕ್ಕಿಂತ ತುಸು ಮುಂದೆ ಹೋಗುತ್ತದೆ. ನಾಲ್ಕು ಪಟ್ಟೆಯ ಜರುಗುವಿಕೆಯಲ್ಲಿ ಇದು ತೊಂದರೆ ಕೊಡುವುದಿಲ್ಲ. ಹಾಳೆ ದಪ್ಪವಾದಂತೆ ಮಾತ್ರ, ಬಣ್ಣಗಳು ಅತ್ಯಂತ ಚೆನ್ನಾಗಿ ಕೂಡಿಕೊಳ್ಳುವ ಜಾಗ ನಿಜವಾದ ನಡುಪಟ್ಟೆಯನ್ನು ಬಿಟ್ಟು ಪಕ್ಕದ ಪಟ್ಟೆಗೆ ಹಾರಿಬಿಡುತ್ತದೆ. ಸಾಮಾನ್ಯ ಕ್ರೌನ್ ಗಾಜಿನಲ್ಲಿ ಈ ವ್ಯತ್ಯಾಸ ಸುಮಾರು ನೂರಕ್ಕೆ ಐದು. 20 ಪಟ್ಟೆ ಜರುಗಿಸುವ ಗಾಜಿನ ಹಾಳೆ ಇಟ್ಟರೆ ಬೆಳ್ಳಗೆ ಕಾಣುವ ಪಟ್ಟೆ ಇಪ್ಪತ್ತರ ಬದಲು ಇಪ್ಪತ್ತೊಂದರ ಹತ್ತಿರ ಇರುತ್ತದೆ. ಅದರ ಅಂಚುಗಳ ಬಣ್ಣ ಎರಡೂ ಕಡೆ ಒಂದೇ ತೆರನಾಗಿರದಿದ್ದರೆ ಇಂಥ ಮೋಸ ನಡೆದಿದೆ ಎಂದು ಅನುಮಾನಿಸಬೇಕು.

ದಪ್ಪಕ್ಕೆ ಇನ್ನೊಂದು ಮಿತಿಯೂ ಇದೆ. ಸೂಕ್ಷ್ಮದರ್ಶಕದಲ್ಲಿ ಬಳಸುವ ಗಾಜಿನ ಕವರ್‌ಸ್ಲಿಪ್ ತೆಳುವಾಗಿಯೇ ಇದೆಯಲ್ಲ, ಅದನ್ನೇ ಇಡೋಣ ಎಂದು ಯಾರಿಗಾದರೂ ತೋಚುತ್ತದೆ. ಅದರ ದಪ್ಪ ಸುಮಾರು 0.17 ಮಿಲಿಮೀಟರ್, ಸೂಚ್ಯಂಕ 1.52. ಲೆಕ್ಕ ಹಾಕಿದರೆ ಜರುಗುವಿಕೆ 150 ಪಟ್ಟೆ, ನಮ್ಮ ಪರದೆಯ ಮೇಲೆ 17 ಸೆಂಟಿಮೀಟರಿಗೂ ಹೆಚ್ಚು. ಆದರೆ ಅಷ್ಟು ದೂರಕ್ಕೆ ಬೆಳಕೇ ಹರಡುವುದಿಲ್ಲ. ಸೀಳಿನ ಅಗಲ 0.05 ಮಿಲಿಮೀಟರ್ ಆಗಿದ್ದರೆ ಬೆಳಕು ಮಧ್ಯದಿಂದ ಎರಡೂ ಕಡೆಗೆ ಸುಮಾರು 12 ಮಿಲಿಮೀಟರ್ ತನಕ, ಅಂದರೆ ಹತ್ತು ಪಟ್ಟೆಯಷ್ಟು ದೂರ ಮಾತ್ರ ಚೆನ್ನಾಗಿರುತ್ತದೆ. ಸಮತಟ್ಟಾದ ಹಾಳೆ ಪಟ್ಟೆಗಳನ್ನು ಜರುಗಿಸುತ್ತದೆಯೇ ಹೊರತು ಈ ಬೆಳಕಿನ ಹರಹನ್ನು ಜರುಗಿಸುವುದಿಲ್ಲ. ಹೀಗಾಗಿ ಕವರ್‌ಸ್ಲಿಪ್ ಇಟ್ಟಾಗ ಸೋಡಿಯಂ ದೀಪದಲ್ಲಿ ಪಟ್ಟೆಗಳು ಎಂದಿನಂತೆ ಕಾಣುತ್ತವೆ, ಬಿಳಿ ಬೆಳಕಿನಲ್ಲಿ ಮಾತ್ರ ಪಟ್ಟೆಯೇ ಇಲ್ಲದ ಬರಿಯ ಬೆಳಕು ಉಳಿಯುತ್ತದೆ. ಹಾಳೆ ಸ್ವಲ್ಪ ಬೆಳಕನ್ನು ಪ್ರತಿಫಲಿಸಿ ಕಳೆಯುವುದರಿಂದ ಹೀಗಾಯಿತು ಎಂದು ಕೆಲವರು ಭಾವಿಸುತ್ತಾರೆ, ಅದು ಸರಿಯಲ್ಲ. ಒಂದು ಸೀಳಿನ ಬೆಳಕು ನೂರಕ್ಕೆ ಹತ್ತು ಕಡಿಮೆಯಾದರೂ ಪಟ್ಟೆಗಳ ಸ್ಪಷ್ಟತೆ ಕಣ್ಣಿಗೆ ತಿಳಿಯುವಷ್ಟು ಕುಗ್ಗುವುದಿಲ್ಲ.

ಫ್ರಾನ್ಸಿನ ಅರಾಗೊ 1816ರಲ್ಲಿ ಕಂಡದ್ದು ಇದನ್ನೇ: ಒಂದು ಕಡೆಯ ಬೆಳಕಿನ ದಾರಿಯಲ್ಲಿ ದಪ್ಪ ಗಾಜು ಹಿಡಿದರೆ ಪಟ್ಟೆಗಳು ಮಾಯ, ತೆಳುವಾದದ್ದನ್ನು ಹಿಡಿದರೆ ಪಟ್ಟೆಗಳು ಸರಿಯುತ್ತವೆ. ಸರಿಯುವ ದಿಕ್ಕು ಆ ಕಾಲಕ್ಕೆ ದೊಡ್ಡ ಸಾಕ್ಷ್ಯವಾಗಿತ್ತು. ಬೆಳಕು ಕಣಗಳ ಹರಿವು ಎಂದ ನ್ಯೂಟನ್ ಪಕ್ಷದ ಪ್ರಕಾರ ಗಾಜಿನೊಳಗೆ ಬೆಳಕು ಗಾಳಿಗಿಂತ ವೇಗವಾಗಿ ಸಾಗಬೇಕು. ಅದು ನಿಜವಾಗಿದ್ದರೆ ಪಟ್ಟೆಗಳು ಹಾಳೆಯಿಂದ ದೂರ ಸರಿಯಬೇಕಿತ್ತು. ಅವು ಹಾಳೆಯ ಕಡೆಗೇ ಬಂದವು. ನೀರಿನಲ್ಲಿ ಬೆಳಕು ನಿಧಾನ ಎಂಬುದನ್ನು ತಿರುಗುವ ಕನ್ನಡಿಯಿಂದ ಫೂಕೋ ನೇರವಾಗಿ ತೋರಿಸಿದ್ದು 1850ರಲ್ಲಿ. ತೆಳು ಗಾಜು ಅದೇ ಮಾತನ್ನು ಮೂವತ್ತನಾಲ್ಕು ವರ್ಷ ಮೊದಲೇ ಹೇಳಿತ್ತು.

ಆಮೇಲೆ ಹಾಳೆಯ ಜಾಗಕ್ಕೆ ಅನಿಲ ಬಂತು. ಲಾರ್ಡ್ ರ‍್ಯಾಲಿ 1896ರಲ್ಲಿ ಎರಡು ಸೀಳುಗಳ ದಾರಿಯಲ್ಲಿ ಎರಡು ಕೊಳವೆಗಳನ್ನಿಟ್ಟು, ಆಗಷ್ಟೇ ಬೆಳಕಿಗೆ ಬಂದಿದ್ದ ಆರ್ಗಾನ್ ಮತ್ತು ಹೀಲಿಯಂಗಳನ್ನು ಗಾಳಿಯೊಂದಿಗೆ ಹೋಲಿಸಿದರು. ಅನಿಲ ಎಷ್ಟೇ ತೆಳುವಾಗಿದ್ದರೂ ಕೊಳವೆ ಉದ್ದವಾಗಿದ್ದರೆ (μ−1)t ದೊಡ್ಡದಾಗುತ್ತದೆ. ಅವರು ಪಟ್ಟೆಗಳನ್ನು ಎಣಿಸುವ ಗೋಜಿಗೆ ಹೋಗದೆ, ಕೊಳವೆಗಳ ಒತ್ತಡವನ್ನು ಹೊಂದಿಸಿ ಪಟ್ಟೆಗಳನ್ನು ಮೊದಲಿನ ಜಾಗದಲ್ಲೇ ನಿಲ್ಲಿಸಿ, ಒತ್ತಡಗಳ ಅನುಪಾತದಿಂದ ಉತ್ತರ ಪಡೆದರು. 30 ಸೆಂಟಿಮೀಟರ್ ಕೊಳವೆಯೊಂದನ್ನು ನಿರ್ವಾತ ಮಾಡಿ, 0 ಡಿಗ್ರಿಯಲ್ಲಿ ಸಾಮಾನ್ಯ ಒತ್ತಡದ ಗಾಳಿ ತುಂಬಿದರೆ ಸೋಡಿಯಂ ಬೆಳಕಿನಲ್ಲಿ ಸುಮಾರು 149 ಪಟ್ಟೆಗಳು ಜರುಗುತ್ತವೆ. ಆರ್ಗಾನ್ ತುಂಬಿದರೆ 143, ಹೀಲಿಯಂ ತುಂಬಿದರೆ 18.